ಫೈರ್‌ವಾಲ್ ಹ್ಯಾಂಡೋವರ್: ಪ್ರತಿ ರೂಲ್‌ಗೂ ಕಾರಣ ಬರೆಯುವುದು ಹೇಗೆ?

ಪ್ರಶ್ನೆ: ಸಾರ್, ಪೀಣ್ಯದಲ್ಲಿ ಬಿಡಿಭಾಗ ತಯಾರಿಸೋ ಒಂದು ಕಂಪನಿಯಲ್ಲಿ ಆರು ವರ್ಷದಿಂದ ನೆಟ್‌ವರ್ಕ್ ಅಡ್ಮಿನ್ ಆಗಿದೀನಿ. ಇನ್ನು ಐದು ವಾರಕ್ಕೆ ಕೆಲಸ ಬಿಡ್ತಿದೀನಿ. ಫೈರ್‌ವಾಲ್ ಅಂದ್ರೆ ಒಂದು ಲಿನಕ್ಸ್ ಮಷೀನ್, ಅದ್ರಲ್ಲಿ nftables, 112 ರೂಲ್ ಇವೆ. ಪ್ರತಿ ರೂಲ್‌ಗೂ ಕಾರಣ ಬರೆದು ಕೊಡಿ ಅಂತ ಮ್ಯಾನೇಜರ್ ಹೇಳಿದಾರೆ. ಅರ್ಧದಷ್ಟು ನನಗೇ ನೆನಪಿಲ್ಲ, ಕೆಲವು ನನಗಿಂತ ಮುಂಚೆ ಇದ್ದವರು ಹಾಕಿದ್ದು. ಎಲ್ಲಿಂದ ಶುರು ಮಾಡ್ಲಿ? ಕೌಂಟರ್ ಸೊನ್ನೆ ತೋರಿಸ್ತಿರೋ ರೂಲ್‌ಗಳನ್ನ ತೆಗೆದುಬಿಟ್ಟು ಹೋದ್ರೆ ಪಟ್ಟಿ ಚಿಕ್ಕದಾಗುತ್ತೆ, ಅದು ಸರೀನಾ?

ಉತ್ತರ: ಕೊನೆಯ ಮಾತಿಗೆ ಮೊದಲು ಉತ್ತರ ಕೊಡುತ್ತೇನೆ. ತೆಗೆಯಬೇಡಿ. ಒಂದೇ ಒಂದು ರೂಲ್ ಕೂಡ ಬೇಡ. ನೀವು ಈ ವಾರ ತೆಗೆದ ರೂಲ್‌ನ ಪರಿಣಾಮ ಮೂರು ತಿಂಗಳ ನಂತರ ಕಾಣಿಸಿಕೊಳ್ಳಬಹುದು. ಆಗ ನೀವು ಅಲ್ಲಿ ಇರುವುದಿಲ್ಲ. ನಿಮ್ಮ ಜಾಗಕ್ಕೆ ಬಂದವರಿಗೆ ಅಂಥದ್ದೊಂದು ರೂಲ್ ಇತ್ತು ಅನ್ನುವುದೇ ಗೊತ್ತಿರುವುದಿಲ್ಲ.

ಇದನ್ನು ನಾನು ಕೆಲಸದ ಮೊದಲ ವರ್ಷಗಳಲ್ಲೇ ಅನುಭವಿಸಿದ್ದೇನೆ. ಒಂದು ಕಂಪನಿಗೆ ಸೇರಿದಾಗ ಹಿಂದಿನವರು ಬಿಟ್ಟುಹೋದ ಎಕ್ಸೆಲ್ ಫೈಲ್ ಕೈಗೆ ಬಂತು. ಎಂಬತ್ತು ಚಿಲ್ಲರೆ ಸಾಲು ಇತ್ತು. ಪ್ರತಿ ಸಾಲಿನಲ್ಲೂ ಎಲ್ಲಿಂದ, ಎಲ್ಲಿಗೆ, ಯಾವ ಪೋರ್ಟ್ ಅಂತ ಚೆನ್ನಾಗಿ ಬರೆದಿದ್ದರು. ಆದರೆ ಕಾರಣದ ಕಾಲಂನಲ್ಲಿ ಇದ್ದದ್ದು "ಅಕೌಂಟ್ಸ್‌ಗೆ", "ಬೇಕು", "ಮೇಲ್ ಪ್ರಕಾರ" ಇಷ್ಟೇ. ಯಾವ ಮೇಲ್, ಯಾರ ಮೇಲ್, ಅದು ಈಗ ಎಲ್ಲಿದೆ, ಯಾವುದೂ ಇಲ್ಲ. ಅದರಲ್ಲಿದ್ದ ಎರಡು ರೂಲ್ ಹೀಗಿದ್ದವು. ಆಗ ಇದ್ದದ್ದು iptables, ನಿಮಗೆ ಓದಲು ಅನುಕೂಲ ಆಗಲಿ ಅಂತ ಇಲ್ಲಿ nft ರೂಪದಲ್ಲಿ ಬರೆದಿದ್ದೇನೆ. ವಿಳಾಸಗಳು, ಸಂಖ್ಯೆಗಳು ಎಲ್ಲ ಉದಾಹರಣೆಗೆ ಮಾತ್ರ.

```
ip saddr 10.20.5.31 counter packets 48211 bytes 2892660 accept comment "temp" # handle 19
ip saddr 10.20.5.31 ip daddr 203.0.113.40 tcp dport 22 counter packets 0 bytes 0 accept comment "bank" # handle 47
```

10.20.5.31 ಅನ್ನುವುದು ಅಕೌಂಟ್ಸ್ ಸರ್ವರ್. ಮೇಲಿನ ರೂಲ್ ಆ ಸರ್ವರ್‌ಗೆ ಎಲ್ಲಿಗೆ ಬೇಕಾದರೂ ಹೋಗಲು ಬಿಡುತ್ತದೆ. ಸಾಫ್ಟ್‌ವೇರ್ ಅಪ್‌ಗ್ರೇಡ್ ಮಾಡಲು ಯಾರೋ ಒಂದು ದಿನದ ಮಟ್ಟಿಗೆ ಹಾಕಿದ್ದು ಹಾಗೇ ಉಳಿದಿತ್ತು. ಕೆಳಗಿನದು ಬ್ಯಾಂಕಿನ ಎಸ್‌ಎಫ್‌ಟಿಪಿ ಸರ್ವರ್‌ಗೆ ಸಂಬಳದ ಫೈಲ್ ಕಳಿಸಲು. ಅದರ ಕೌಂಟರ್ ಸೊನ್ನೆ. ಮೂರು ವಾರ ನೋಡಿದೆ, ಸೊನ್ನೆಯೇ. ಯಾರೂ ಬಳಸುತ್ತಿಲ್ಲ ಅಂದುಕೊಂಡು ನವೆಂಬರ್‌ನಲ್ಲಿ ತೆಗೆದೆ. ಏನೂ ಆಗಲಿಲ್ಲ. ನವೆಂಬರ್ ಸಂಬಳ ಹೋಯಿತು, ಡಿಸೆಂಬರ್ ಸಂಬಳವೂ ಹೋಯಿತು. ಜನವರಿಯಲ್ಲಿ ಆ ಅಗಲವಾದ ರೂಲ್ ಕಣ್ಣಿಗೆ ಬಿತ್ತು, ಒಂದು ಸರ್ವರ್‌ಗೆ ಇಡೀ ಇಂಟರ್‌ನೆಟ್ ತೆರೆದಿಟ್ಟಿರುವುದು ತಪ್ಪು ಅಂತ ಅದನ್ನೂ ಬಿಗಿ ಮಾಡಿದೆ. ಜನವರಿ 31ರ ಸಂಜೆ ಏಳಕ್ಕೆ ಅಕೌಂಟ್ಸ್‌ನಿಂದ ಫೋನ್ ಬಂತು. ಸಂಬಳದ ಫೈಲ್ ಹೋಗುತ್ತಿಲ್ಲ. ನಿನ್ನೆ ಮೊನ್ನೆ ಏನೂ ಬದಲಾಯಿಸಿಲ್ಲ ಅಂತ ನಾನು ಹೇಳುತ್ತಿದ್ದೆ, ಅದು ನಿಜವೂ ಆಗಿತ್ತು. ಹುಡುಕಲು ಎರಡು ಗಂಟೆ ಬೇಕಾಯಿತು.

ಇಲ್ಲಿ ಆದದ್ದೇನು? ಫೈರ್‌ವಾಲ್ ರೂಲ್‌ಗಳನ್ನು ಮೇಲಿನಿಂದ ಕೆಳಗೆ ಓದುತ್ತದೆ, ಮೊದಲು ಹೊಂದಿದ accept ಸಿಕ್ಕಿದ ಕೂಡಲೇ ಪ್ಯಾಕೆಟ್ ಆ ಚೈನ್ ದಾಟಿಹೋಗುತ್ತದೆ. ಬ್ಯಾಂಕಿಗೆ ಹೋಗುವ ಸಂಪರ್ಕವನ್ನು ಮೇಲಿನ ಅಗಲ ರೂಲ್ ಮೊದಲೇ ಹಿಡಿದುಕೊಳ್ಳುತ್ತಿತ್ತು. ಕೆಳಗಿನ ರೂಲ್‌ವರೆಗೆ ಅದು ಬರುತ್ತಲೇ ಇರಲಿಲ್ಲ. ಹಾಗಾಗಿ ಸೊನ್ನೆ. ಎರಡನ್ನೂ ತೆಗೆಯಲು ನನ್ನ ಹತ್ತಿರ ಕಾರಣ ಇತ್ತು, ಒಂದೊಂದನ್ನೇ ನೋಡಿದರೆ ಎರಡೂ ಸರಿಯಾಗೇ ಕಾಣುತ್ತಿದ್ದವು. ಎರಡೂ ಸೇರಿ ಸಂಬಳ ನಿಲ್ಲಿಸಿದವು. ಹಿಂದಿನವರ ಫೈಲಿನಲ್ಲಿ "ತಿಂಗಳ ಕೊನೆಯ ದಿನ ಸಂಬಳದ ಫೈಲ್ ಈ ದಾರಿಯಲ್ಲಿ ಬ್ಯಾಂಕಿಗೆ ಹೋಗುತ್ತದೆ" ಅನ್ನುವ ಒಂದು ಸಾಲು ಇದ್ದಿದ್ದರೆ ಸಾಕಿತ್ತು.

ಆದ್ದರಿಂದ ಕಾರಣ ಅಂದರೆ ಏನು ಅನ್ನುವುದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ. ಯಾವ ಪೋರ್ಟ್ ಯಾರಿಗೆ ತೆರೆದಿದೆ ಅನ್ನುವುದನ್ನು ಹೊಸಬರು ಒಂದು ಕಮಾಂಡ್ ಕೊಟ್ಟು ಓದಿಕೊಳ್ಳುತ್ತಾರೆ, ಅದನ್ನು ಕನ್ನಡದಲ್ಲೋ ಇಂಗ್ಲಿಷ್‌ನಲ್ಲೋ ಮತ್ತೆ ಬರೆದುಕೊಟ್ಟರೆ ಉಪಯೋಗವಿಲ್ಲ. ಅವರಿಗೆ ಕಾಣದೆ ಇರುವುದು ಬೇರೆ. ಇದನ್ನು ಮುಚ್ಚಿದರೆ ಯಾರ ಕೆಲಸ ನಿಲ್ಲುತ್ತದೆ, ಯಾವ ದಿನ ನಿಲ್ಲುತ್ತದೆ, ನಿಂತದ್ದು ಯಾರಿಗೆ ಹೇಗೆ ಗೊತ್ತಾಗುತ್ತದೆ, ಯಾರನ್ನು ಕೇಳಬೇಕು. ಈ ನಾಲ್ಕಕ್ಕೆ ಉತ್ತರ ಇದ್ದರೆ ಅದು ಕಾರಣ. ಮೇಲಿನ ಎರಡು ರೂಲ್‌ಗಳಿಗೆ R019, R047 ಅಂತ ಗುರುತು ಕೊಟ್ಟುಕೊಂಡು, ನನಗೆ ಸಿಗಬೇಕಾಗಿದ್ದ ಸಾಲನ್ನು ಈಗ ನಾನೇ ಬರೆದರೆ ಹೀಗಿರುತ್ತದೆ:

> R047. ಸಂಬಳದ ಫೈಲ್ ಬ್ಯಾಂಕಿಗೆ ಹೋಗುವ ದಾರಿ. ತಿಂಗಳ ಕೊನೆಯ ಕೆಲಸದ ದಿನ ಸಂಜೆ 6ರಿಂದ 8ರೊಳಗೆ ಅಕೌಂಟ್ಸ್ ಸರ್ವರ್ ತಾನೇ ಕಳಿಸುತ್ತದೆ. ಮಿಕ್ಕ ದಿನ ಸುಮ್ಮನಿರುತ್ತದೆ. ಮುಚ್ಚಿದರೆ ಅದೇ ಸಂಜೆ ಪೇರೋಲ್ ನೋಡುವವರ ಪರದೆಯಲ್ಲಿ "connection timed out" ಬರುತ್ತದೆ, ಮರುದಿನ ಸಂಬಳ ಆಗುವುದಿಲ್ಲ. ಬ್ಯಾಂಕಿನ ಕಡೆ ನಮ್ಮ ಪಬ್ಲಿಕ್ ಐಪಿಯನ್ನು ಮಾತ್ರ ಬಿಟ್ಟಿದ್ದಾರೆ. ಇಂಟರ್‌ನೆಟ್ ಕಂಪನಿ ಬದಲಾಯಿಸಿದರೆ ಅವರಿಗೆ ಮೊದಲೇ ತಿಳಿಸಬೇಕು. ಕೇಳಬೇಕಾದವರು: ಫೈನಾನ್ಸ್ ಮ್ಯಾನೇಜರ್. R019 ಇರುವವರೆಗೆ ಇದರ ಕೌಂಟರ್ ಸೊನ್ನೆ ತೋರಿಸುತ್ತದೆ, ನಂಬಬೇಡಿ.

ಕೊನೆಯಿಂದ ಮೂರನೇ ಸಾಲು ನೋಡಿ, ಇಂಟರ್‌ನೆಟ್ ಕಂಪನಿ ಬದಲಾಯಿಸುವ ಮಾತು. ರೂಲ್‌ನ ಇನ್ನೊಂದು ಅರ್ಧ ನಿಮ್ಮ ಫೈರ್‌ವಾಲ್‌ನಲ್ಲಿ ಇರುವುದೇ ಇಲ್ಲ, ಬ್ಯಾಂಕಿನ ಫೈರ್‌ವಾಲ್‌ನಲ್ಲಿ ಇರುತ್ತದೆ. ನಿಮ್ಮ ಕಾನ್ಫಿಗ್ ಎಷ್ಟು ಸಲ ಓದಿದರೂ ಹೊಸಬರಿಗೆ ಅದು ಕಾಣುವುದಿಲ್ಲ. ಹೊರಗಿನವರ ಜೊತೆ ಮಾತಾಡುವ ಪ್ರತಿ ರೂಲ್‌ಗೂ ಈ ಒಂದು ಸಾಲು ಸೇರಿಸಿ.

ಈಗ ಎಲ್ಲಿಂದ ಶುರು ಮಾಡುವುದು ಅನ್ನುವ ವಿಷಯ. ಮೊದಲ ದಿನ ಕಾರಣ ಬರೆಯಲು ಕೂರಬೇಡಿ. ನಿಮ್ಮ ಹತ್ತಿರ ಇರುವುದು ನಿಜವಾಗಿ ಒಂದೇ ಪಟ್ಟಿಯಾ ಅಂತ ನೋಡಿ. ಮಷೀನಿನಲ್ಲಿ ಈಗ ಓಡುತ್ತಿರುವ ರೂಲ್‌ಗಳು ಬೇರೆ, ಫೈಲಿನಲ್ಲಿ ಉಳಿಸಿದ ರೂಲ್‌ಗಳು ಬೇರೆ ಆಗಿರುವುದು ತುಂಬಾ ಸಾಮಾನ್ಯ. ರಾತ್ರಿ ಹತ್ತಕ್ಕೆ ಯಾರಿಗೋ ಅರ್ಜೆಂಟಾಗಿ ತೆರೆದುಕೊಟ್ಟು ಫೈಲಿಗೆ ಬರೆಯುವುದು ಮರೆತಿರುತ್ತೇವೆ. ಮಷೀನ್ ಒಂದು ಸಲ ರೀಬೂಟ್ ಆದರೆ ಆ ರೂಲ್ ಹೋಯಿತು. ಆರು ವರ್ಷದಲ್ಲಿ ಇಂಥವು ನಾಲ್ಕೈದಾದರೂ ಸೇರಿಕೊಂಡಿರುತ್ತವೆ. ಕಂಡುಹಿಡಿಯಲು ಸುಲಭ ದಾರಿ ಇದೆ:

```
nft list ruleset > counters-today.txt
nft -s list ruleset > running.nft
unshare -n sh -c 'nft -f /etc/nftables.conf && nft -s list ruleset' > saved.nft
diff running.nft saved.nft
```

ಮೊದಲ ಸಾಲು ಇವತ್ತಿನ ಕೌಂಟರ್‌ಗಳನ್ನು ಎತ್ತಿಡುತ್ತದೆ. ಇದನ್ನು ಮರೆಯಬೇಡಿ, ಮುಂದೆ ನೀವು ರೂಲ್ ಫೈಲನ್ನು ಹೊಸದಾಗಿ ಲೋಡ್ ಮಾಡಿದಾಗ ಕೌಂಟರ್‌ಗಳೆಲ್ಲ ಸೊನ್ನೆಗೆ ಬರುತ್ತವೆ. ಎರಡನೆಯದರಲ್ಲಿ `-s` ಕೊಟ್ಟರೆ ಕೌಂಟರ್ ಸಂಖ್ಯೆಗಳಿಲ್ಲದ ಪಟ್ಟಿ ಬರುತ್ತದೆ, ಹೋಲಿಸಲು ಅದೇ ಬೇಕು. ಮೂರನೆಯದು ಉಳಿಸಿದ ಫೈಲನ್ನು ಒಂದು ಪ್ರತ್ಯೇಕ ಖಾಲಿ ನೆಟ್‌ವರ್ಕ್ ಜಾಗದಲ್ಲಿ ಲೋಡ್ ಮಾಡಿ ಅದೇ ಅಚ್ಚಿನಲ್ಲಿ ಪಟ್ಟಿ ಕೊಡುತ್ತದೆ, ಓಡುತ್ತಿರುವ ಫೈರ್‌ವಾಲ್‌ಗೆ ಏನೂ ಆಗುವುದಿಲ್ಲ. ನಿಮ್ಮ ರೂಲ್‌ಗಳಲ್ಲಿ `iifname` ಬದಲು `iif` ಅಂತ ಬರೆದಿದ್ದರೆ ಆ ಇಂಟರ್‌ಫೇಸ್ ಇಲ್ಲ ಅಂತ ದೂರುತ್ತದೆ. ಆಗ ಫೈಲಿನ ಒಂದು ಪ್ರತಿ ಮಾಡಿಕೊಂಡು ಅದರಲ್ಲಿ ಬದಲಾಯಿಸಿ ಓಡಿಸಿ, ಹೋಲಿಸುವ ಮುಂಚೆ running.nft ಫೈಲಿನಲ್ಲೂ ಹಾಗೇ ಬದಲಾಯಿಸಿ. ವ್ಯತ್ಯಾಸ ಸಿಕ್ಕಿದ ಪ್ರತಿ ಸಾಲನ್ನೂ ಡಾಕ್ಯುಮೆಂಟಿನಲ್ಲಿ ಬರೆಯಿರಿ, ಫೈಲಿಗೂ ಸೇರಿಸಿ.

ನಂತರದ ಕೆಲಸ ಪ್ರತಿ ರೂಲ್‌ಗೆ ಒಂದು ಹೆಸರು ಕೊಡುವುದು. ಸಾಲಿನ ಸಂಖ್ಯೆ ಬರೆದರೆ ನಾಳೆ ಮಧ್ಯದಲ್ಲಿ ಒಂದು ರೂಲ್ ಸೇರಿದ ಕೂಡಲೇ ಎಲ್ಲ ತಪ್ಪುತ್ತದೆ. handle ಸಂಖ್ಯೆಯೂ ಬೇಡ, ಫೈಲ್ ಮತ್ತೆ ಲೋಡ್ ಆದಾಗ ಅದು ಬದಲಾಗಬಹುದು. comment ಜಾಗದಲ್ಲಿ R001ರಿಂದ R112ರವರೆಗೆ ನಿಮ್ಮದೇ ಗುರುತು ಹಾಕಿ, ಡಾಕ್ಯುಮೆಂಟಿನಲ್ಲೂ ಅದೇ ಗುರುತು ಬಳಸಿ. ಕಾರಣವನ್ನೇ ಅಲ್ಲಿ ತುರುಕಲು ಹೋಗಬೇಡಿ, ಆ ಜಾಗ ಚಿಕ್ಕದು. ಗುರುತು ಒಂದು ಸಲ ಕೊಟ್ಟ ಮೇಲೆ ಆ ರೂಲ್ ಹೋದರೂ ಅದೇ ಸಂಖ್ಯೆಯನ್ನು ಇನ್ನೊಂದಕ್ಕೆ ಕೊಡಬಾರದು. ಹಳೆಯ ಮೇಲ್‌ನಲ್ಲಿ R047 ಅಂತ ಇದ್ದರೆ ಅದು ಯಾವಾಗಲೂ ಒಂದೇ ರೂಲ್ ಆಗಿರಬೇಕು. ಹೊರಗಿನಿಂದ ಒಳಗೆ ಬರುವ ಪೋರ್ಟ್ ಫಾರ್ವರ್ಡ್‌ಗಳಿಗೆ ನ್ಯಾಟ್‌ನಲ್ಲಿ ಒಂದು ಸಾಲು, ಫಾರ್ವರ್ಡ್ ಚೈನ್‌ನಲ್ಲಿ ಒಂದು ಸಾಲು ಇರುತ್ತದೆ ಅಲ್ವಾ, ಎರಡಕ್ಕೂ ಒಂದೇ ಗುರುತು ಕೊಡಿ. ಇಲ್ಲದಿದ್ದರೆ ಒಂದನ್ನು ತೆಗೆದು ಇನ್ನೊಂದನ್ನು ಬಿಡುತ್ತಾರೆ.

ಹೊಸ ಗುರುತುಗಳಿರುವ ಫೈಲನ್ನು ಲೋಡ್ ಮಾಡುವ ಮುಂಚೆ `nft -c -f` ಕೊಟ್ಟು ತಪ್ಪಿದೆಯಾ ನೋಡಿಕೊಳ್ಳಿ. ಫೈಲಿಗೆ ಬಾರದೆ ಮಷೀನಿನಲ್ಲಷ್ಟೇ ಓಡುತ್ತಿರುವ ರೂಲ್‌ಗಳು ಆ ಲೋಡ್‌ನಲ್ಲಿ ಬಿದ್ದುಹೋಗದಂತೆ ಅವನ್ನೂ ಸೇರಿಸಿಕೊಂಡಿರಬೇಕು, ಅದಕ್ಕೇ ಹೋಲಿಕೆಯನ್ನು ಮೊದಲು ಮಾಡಲು ಹೇಳಿದ್ದು.

ಗೊತ್ತಿರುವ ರೂಲ್‌ಗಳನ್ನು ಮೊದಲ ವಾರದಲ್ಲೇ ಬರೆದು ಮುಗಿಸಿ. ದಿನಕ್ಕೆ ಹತ್ತು ಹನ್ನೆರಡು ಕಷ್ಟವಲ್ಲ. ನಿಮ್ಮ ಉಳಿದ ನಾಲ್ಕು ವಾರ ಹೋಗಬೇಕಾದ್ದು ಗೊತ್ತಿಲ್ಲದವುಗಳ ಮೇಲೆ. ಅದಕ್ಕೆ ಕೌಂಟರ್ ಓದುವುದು ಹೇಗೆ ಅಂತ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಜಾಸ್ತಿ ಜನ ಎಡವುವುದು ಅಲ್ಲೇ.

ನಿಮ್ಮ ಫಾರ್ವರ್ಡ್ ಚೈನ್‌ನ ಮೇಲ್ಗಡೆ `ct state established,related accept` ಅನ್ನುವ ಸಾಲು ಖಂಡಿತ ಇರುತ್ತದೆ. ಒಮ್ಮೆ ಶುರುವಾದ ಸಂಪರ್ಕದ ಮುಂದಿನ ಪ್ಯಾಕೆಟ್‌ಗಳೆಲ್ಲ ಆ ಸಾಲಿನಲ್ಲೇ ದಾಟುತ್ತವೆ. ಕೆಳಗಿನ ರೂಲ್‌ಗೆ ಬರುವುದು ಸಂಪರ್ಕದ ಮೊದಲ ಪ್ಯಾಕೆಟ್ ಮಾತ್ರ. ಅಂದರೆ ರೂಲ್‌ನ ಕೌಂಟರ್ ಎಣಿಸುವುದು ಎಷ್ಟು ಡೇಟಾ ಹೋಯಿತು ಅಂತಲ್ಲ, ಎಷ್ಟು ಸಲ ಹೊಸದಾಗಿ ಸಂಪರ್ಕ ಶುರುವಾಯಿತು ಅಂತ. ಮೇಲಿನ 19ನೇ ರೂಲ್ ನೋಡಿ: 2892660 ಬೈಟನ್ನು 48211 ಪ್ಯಾಕೆಟ್‌ಗೆ ಭಾಗಿಸಿದರೆ ಸರಿಯಾಗಿ 60. ಲಿನಕ್ಸ್‌ನಲ್ಲಿ ಟಿಸಿಪಿ ಸಂಪರ್ಕ ಶುರುಮಾಡುವ ಮೊದಲ ಪ್ಯಾಕೆಟ್ ಸಾಮಾನ್ಯವಾಗಿ ಅಷ್ಟೇ ದೊಡ್ಡದು. ಹಾಗಾಗಿ ತಿಂಗಳಿಗೆ ಮೂರು ಅಂತ ತೋರಿಸುವ ರೂಲ್ ಇಡೀ ದಿನ ಕೆಲಸ ಮಾಡುತ್ತಿರಬಹುದು.

ನಿಮ್ಮಂಥ ಕಾರ್ಖಾನೆಯ ಒಂದು ರೂಲ್ ಹಿಡಿದು ಹೋಗೋಣ. 10.20.9.14ರಿಂದ ಹೊರಗೆ 8883 ಪೋರ್ಟ್‌ಗೆ ತೆರೆದಿದೆ, comment ಇಲ್ಲ, ಕೌಂಟರ್ ತಿಂಗಳಲ್ಲಿ 3. ಯಾರನ್ನು ಕೇಳಿದರೂ ಗೊತ್ತಿಲ್ಲ ಅನ್ನುತ್ತಾರೆ. ಮೊದಲು ಈಗ ಸಂಪರ್ಕ ಜೀವಂತ ಇದೆಯಾ ನೋಡಿ:

```
conntrack -L -s 10.20.9.14
tcp 6 431987 ESTABLISHED src=10.20.9.14 dst=198.51.100.7 sport=49152 dport=8883 ...
```

431987 ಅನ್ನುವುದು ಈ ನಮೂದು ಅಳಿಯಲು ಉಳಿದಿರುವ ಸೆಕೆಂಡುಗಳು. ನೀವು ಬದಲಾಯಿಸದಿದ್ದರೆ ಅದು 432000ದಿಂದ, ಅಂದರೆ ಐದು ದಿನದಿಂದ, ಕೆಳಗೆ ಎಣಿಸುತ್ತದೆ. ಪ್ರತಿ ಪ್ಯಾಕೆಟ್ ಬಂದಾಗಲೂ ಮತ್ತೆ 432000ಕ್ಕೆ ಹೋಗುತ್ತದೆ. ಇಲ್ಲಿ ಕಡಿಮೆ ಆಗಿರುವುದು 13. ಅಂದರೆ ಹದಿಮೂರು ಸೆಕೆಂಡಿನ ಹಿಂದೆ ಈ ದಾರಿಯಲ್ಲಿ ಏನೋ ಹೋಗಿದೆ. ತಿಂಗಳಿಗೆ ಮೂರು ಅಂತ ಕೌಂಟರ್ ಹೇಳುತ್ತಿದ್ದ ರೂಲ್ ಇದು.

8883 ಅಂದರೆ ಎಂಕ್ಯೂಟಿಟಿ, ಮಷೀನುಗಳ ಸೆನ್ಸರ್‌ಗಳು ತಮ್ಮ ಅಳತೆಗಳನ್ನು ಹೊರಗೆ ಕಳಿಸುವಾಗ ಬಳಸುವ ರೀತಿ, ಎನ್‌ಕ್ರಿಪ್ಟ್ ಆದದ್ದು. ಇಷ್ಟು ಗೊತ್ತಾದರೆ ಇದು ಆಫೀಸಿನ ಕಂಪ್ಯೂಟರ್ ಅಲ್ಲ, ಶಾಪ್ ಫ್ಲೋರ್‌ನ ಯಾವುದೋ ಡಬ್ಬಿ ಅಂತ ಊಹಿಸಬಹುದು. ಆಮೇಲೆ `ip neigh show 10.20.9.14` ಕೊಟ್ಟು ಅದರ ಮ್ಯಾಕ್ ವಿಳಾಸ ತೆಗೆಯಿರಿ. ಸ್ವಿಚ್‌ನ ಮ್ಯಾಕ್ ಟೇಬಲ್‌ನಲ್ಲಿ ಅದು ಯಾವ ಪೋರ್ಟ್‌ನಲ್ಲಿದೆ ನೋಡಿ. ಆ ಪೋರ್ಟ್‌ನಿಂದ ಹೊರಟ ಕೇಬಲ್ ಹಿಡಿದು ನಡೆದು ಹೋಗಿ. ನಾನು ಒಂದು ಕಡೆ ಹೀಗೆ ನಡೆದಾಗ ಕೇಬಲ್ ಹಿಂಬದಿಯ ಕಂಪ್ರೆಸರ್ ಶೆಡ್‌ಗೆ ಹೋಗಿ ನಿಂತಿತು. ಎಣ್ಣೆ ಧೂಳು ಹಿಡಿದ ಒಂದು ಚಿಕ್ಕ ಬೂದು ಡಬ್ಬಿ, ಮೇಲೆ ಕಂಪ್ರೆಸರ್ ಸರ್ವಿಸ್ ಮಾಡುವವರ ಸ್ಟಿಕರ್. ಒತ್ತಡ, ಬಿಸಿ ಎಲ್ಲ ಅವರಿಗೆ ಹೋಗುತ್ತಿತ್ತು. ಮೇಂಟೆನೆನ್ಸ್‌ನವರು ಅದನ್ನು ಹಾಕಿಸಿದ್ದರು, ಐಟಿಯವರಿಗೆ ಒಂದು ಫೋನ್ ಮಾಡಿ ಪೋರ್ಟ್ ತೆರೆಸಿಕೊಂಡಿದ್ದರು, ಅಷ್ಟೇ. ಮೇಲ್ ಇಲ್ಲ, ಪತ್ರ ಇಲ್ಲ. ಅದನ್ನು ಮುಚ್ಚಿದ್ದರೆ ಕಾರ್ಖಾನೆಯಲ್ಲಿ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಕಂಪ್ರೆಸರ್ ಬಿಸಿಯಾದ ದಿನ ಸರ್ವಿಸ್‌ನವರಿಗೆ ಎಚ್ಚರಿಕೆ ಹೋಗುತ್ತಿರಲಿಲ್ಲ. "ನಿಂತದ್ದು ಯಾರಿಗೆ ಹೇಗೆ ಗೊತ್ತಾಗುತ್ತದೆ" ಅನ್ನುವ ಸಾಲು ಇಂಥ ರೂಲ್‌ಗಳಿಗೇ ಬೇಕಾಗಿರುವುದು. ಇದಕ್ಕೆ ಉತ್ತರ, "ಇಲ್ಲಿ ಯಾರಿಗೂ ಗೊತ್ತಾಗುವುದಿಲ್ಲ, ಸರ್ವಿಸ್‌ನವರನ್ನು ಕೇಳಬೇಕು" ಅಂತ. ಅದನ್ನೇ ಬರೆಯಿರಿ.

ಇದೇ ಕಾರಣಕ್ಕೆ "ಸ್ವಲ್ಪ ಹೊತ್ತು ಮುಚ್ಚಿ ನೋಡೋಣ, ಯಾರಾದರೂ ಕೂಗಿದರೆ ತೆರೆಯೋಣ" ಅನ್ನುವ ಪರೀಕ್ಷೆಯನ್ನು ನಾನು ಒಪ್ಪುವುದಿಲ್ಲ. ರೂಲ್ ತೆಗೆದರೂ ಜೀವಂತ ಇರುವ ಸಂಪರ್ಕ ಮೇಲಿನ established ಸಾಲಿನಲ್ಲಿ ದಾಟುತ್ತಲೇ ಇರುತ್ತದೆ. ಒಂದು ವಾರ ಯಾರೂ ಕೂಗುವುದಿಲ್ಲ. ಮುಂದೆ ಯಾವತ್ತೋ ಕರೆಂಟ್ ಹೋಗಿ ಆ ಡಬ್ಬಿ ಮತ್ತೆ ಶುರುವಾದಾಗ ಹೊಸ ಸಂಪರ್ಕ ಬೇಕು, ಆಗ ಸಿಗುವುದಿಲ್ಲ. ಕರೆಂಟ್ ಹೋದದ್ದರಿಂದ ಡಬ್ಬಿ ಕೆಟ್ಟಿತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಪರೀಕ್ಷಿಸಲೇಬೇಕು ಅಂತಿದ್ದರೆ ಆ ವಿಭಾಗದವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹಗಲು ಹೊತ್ತಿನಲ್ಲಿ, ರೂಲ್ ತೆಗೆದು `conntrack -D -s 10.20.9.14` ಕೊಟ್ಟು ಹಳೆ ಸಂಪರ್ಕವನ್ನೂ ಕಡಿದು ನೋಡಬೇಕು. ನೋಡಿದ ಮೇಲೆ ಮತ್ತೆ ಹಾಕಿಬಿಡಬೇಕು.

ಇನ್ನು 19ನೇ ರೂಲ್‌ನಂಥ ಅಗಲವಾದವು. ಅದರ ಕಾರಣ ಏನಂತ ಬರೆಯುತ್ತೀರಿ? "temp" ಅನ್ನುವುದು ಈಗ ಸುಳ್ಳು. ಅದರೊಳಗೆ ಏನೇನು ಹೋಗುತ್ತಿದೆ ಅಂತ ಮುಚ್ಚದೆಯೇ ತಿಳಿಯಬಹುದು. ಇಕ್ಕಟ್ಟಾದ ರೂಲ್ ಅನ್ನು ಅಗಲವಾದದರ ಮೇಲಕ್ಕೆ ತನ್ನಿ, ಅದರಲ್ಲಿ log ಸೇರಿಸಿ:

```
ip saddr 10.20.5.31 ip daddr 203.0.113.40 tcp dport 22 counter log prefix "R047 " accept comment "R047"
ip saddr 10.20.5.31 counter log prefix "R019 " accept comment "R019"
```

ಎರಡೂ accept, ಆದ್ದರಿಂದ ಯಾರ ಕೆಲಸವೂ ನಿಲ್ಲುವುದಿಲ್ಲ. ಆದರೆ ಈಗ ಬ್ಯಾಂಕಿನ ಸಂಪರ್ಕ R047ರಲ್ಲಿ ಎಣಿಕೆಯಾಗುತ್ತದೆ, ಮಿಕ್ಕದ್ದು R019ರ ಹೆಸರಿನಲ್ಲಿ ಲಾಗ್‌ಗೆ ಬೀಳುತ್ತದೆ. `journalctl -k | grep "R019 "` ಕೊಟ್ಟರೆ ಎಲ್ಲೆಲ್ಲಿಗೆ ಹೋಗುತ್ತಿದೆ ಅಂತ ವಿಳಾಸ, ಪೋರ್ಟ್ ಸಮೇತ ಸಿಗುತ್ತದೆ. ಒಂದೊಂದಕ್ಕೂ ಪ್ರತ್ಯೇಕ ರೂಲ್ ಬರೆದು ಮೇಲೆ ಹಾಕುತ್ತಾ ಹೋದರೆ R019ರಲ್ಲಿ ಉಳಿಯುವುದು ಕಡಿಮೆಯಾಗುತ್ತದೆ. ನೀವು ಹೊರಡುವಷ್ಟರಲ್ಲಿ ಅದು ಪೂರ್ತಿ ಖಾಲಿ ಆಗದಿರಬಹುದು. ಪರವಾಗಿಲ್ಲ, ಎಲ್ಲಿಯವರೆಗೆ ಬಂದಿದೆ ಅಂತ ಬರೆದಿಡಿ, ಹೊಸಬರು ಮುಂದುವರಿಸುತ್ತಾರೆ. ಒಂದೇ ಎಚ್ಚರ: ಎರಡು ರೂಲ್‌ಗಳ ಮಧ್ಯೆ drop ಸಾಲು ಇದ್ದರೆ ಸ್ಥಾನ ಬದಲಿಸಿದಾಗ ಅರ್ಥವೇ ಬದಲಾಗಬಹುದು. ಅಲ್ಲಿ ಕೈಹಾಕಬೇಡಿ.

ಲಾಗ್ ಈಗಾಗಲೇ ಇದ್ದರೆ ಅದನ್ನೂ ತಿರುವಿ ಹಾಕಿ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಕಂಪನಿಗಳು ತಮ್ಮ ಸಿಸ್ಟಂ ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು. ಹಾಗೆ ಇಟ್ಟಿದ್ದರೆ ಆರು ತಿಂಗಳ ಚಿತ್ರ ನಿಮ್ಮ ಕೈಯಲ್ಲಿದೆ. ಆದರೆ ಆರು ತಿಂಗಳು ಅಂದರೆ ಒಂದು ವರ್ಷ ಅಲ್ಲ. ಮಾರ್ಚ್ ಕೊನೆಯಲ್ಲಿ ಮಾತ್ರ ನಡೆಯುವ ಕೆಲಸ ಅಕ್ಟೋಬರ್‌ನಲ್ಲಿ ಹುಡುಕಿದರೆ ಅದರಲ್ಲಿ ಸಿಗುವುದಿಲ್ಲ. ಕೌಂಟರ್ ಅಂತೂ ಇನ್ನೂ ಚಿಕ್ಕ ಅವಧಿಯದಾಗಿರಬಹುದು, ಕೊನೆಯ ರೀಬೂಟ್ ಅಥವಾ ಲೋಡ್ ಆದಾಗಿನಿಂದ ಮಾತ್ರ. ಅದಕ್ಕೆ ಡಾಕ್ಯುಮೆಂಟಿನಲ್ಲಿ "ಸೊನ್ನೆ" ಅಂತ ಬರೆದಲ್ಲೆಲ್ಲ ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಅಂತಲೂ ಬರೆಯಿರಿ. `uptime -s` ಮತ್ತು `journalctl -u nftables` ನೋಡಿದರೆ ಆ ತಾರೀಖು ತಿಳಿಯುತ್ತದೆ.

ಮಷೀನು ಹೇಳದ್ದನ್ನು ಜನ ಹೇಳುತ್ತಾರೆ. ಆದರೆ "ನಿಮಗೆ 22ನೇ ಪೋರ್ಟ್ ಬೇಕಾ" ಅಂತ ಅಕೌಂಟ್ಸ್‌ನವರನ್ನು ಕೇಳಿದರೆ ಅವರೇನು ಹೇಳಬೇಕು? ಅವರ ಕೆಲಸದ ಮಾತಿನಲ್ಲೇ ಕೇಳಿ. ತಿಂಗಳ ಕೊನೆಗೆ ಇಲ್ಲಿಂದ ಹೊರಗೆ ಏನೇನು ಕಳಿಸುತ್ತೀರಿ, ವರ್ಷಕ್ಕೆ ಒಂದೇ ಸಲ ಮಾಡುವ ಕೆಲಸ ಯಾವುದು, ನೀವು ಏನೂ ಮಾಡದೆ ತಾನಾಗಿ ಬರುವ ರಿಪೋರ್ಟ್ ಯಾವುದು, ಹೊರಗಿನವರು ಯಾರಾದರೂ ಕೂತಲ್ಲಿಂದಲೇ ಲಾಗಿನ್ ಆಗಿ ರಿಪೇರಿ ಮಾಡಿಕೊಡುತ್ತಾರಾ. ಸ್ಟೋರ್ಸ್, ಕ್ವಾಲಿಟಿ, ಎಚ್‌ಆರ್, ಗೇಟಿನ ಸೆಕ್ಯುರಿಟಿ, ಎಲ್ಲ ಕಡೆ ಹೋಗಿ. ಹತ್ತು ಹತ್ತು ನಿಮಿಷ ಸಾಕು. ಗೇಟಿನ ಹಾಜರಾತಿ ಮಷೀನು, ತೂಕದ ಸೇತುವೆಯ ಕಂಪ್ಯೂಟರ್ ಇವುಗಳ ರೂಲ್‌ಗಳ ಕಾರಣ ನನಗೆ ಸಿಕ್ಕಿರುವುದು ಹೀಗೇ.

ತಡೆಯುವ ರೂಲ್‌ಗಳಿಗೂ ಕಾರಣ ಬರೆಯಲೇಬೇಕು, ಅವನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ತೆರೆದಿದ್ದನ್ನು ಮುಚ್ಚಿದರೆ ಯಾರಾದರೂ ಕೂಗಬಹುದು, ಮುಚ್ಚಿದ್ದನ್ನು ತೆರೆದರೆ ಯಾರೂ ಕೂಗುವುದಿಲ್ಲ. ನಿಮ್ಮಲ್ಲಿ ಸಿಎನ್‌ಸಿ ಮಷೀನಿನ ಜೊತೆ ಬಂದ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರ್ ಒಂದಾದರೂ ಇರಬೇಕು. ಎಕ್ಸ್‌ಪಿಗೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2014ರ ಏಪ್ರಿಲ್ 8ಕ್ಕೆ ಮುಗಿದಿದೆ. ಆ ಮಷೀನು ಇನ್ನೂ ಚೆನ್ನಾಗಿ ಕೆಲಸ ಮಾಡುತ್ತಿದೆ, ಹೊಸದರ ಬೆಲೆ ಜಾಸ್ತಿ, ಹಾಗಾಗಿ ಅದನ್ನು ಇಟ್ಟುಕೊಂಡು ಒಂದು drop ರೂಲ್‌ನಿಂದ ಇಂಟರ್‌ನೆಟ್ ತಪ್ಪಿಸಿರುತ್ತೀರಿ. ಕಾರಣ ಬರೆದಿಲ್ಲದಿದ್ದರೆ ಏನಾಗುತ್ತದೆ? ಒಂದು ದಿನ ಸರ್ವಿಸ್ ಎಂಜಿನಿಯರ್ ಬಂದು, ಈ ಕಂಪ್ಯೂಟರ್‌ಗೆ ನೆಟ್ ಬರುತ್ತಿಲ್ಲ, ರಿಮೋಟ್‌ನಲ್ಲಿ ನೋಡಬೇಕು ಅನ್ನುತ್ತಾರೆ. ಹೊಸ ಅಡ್ಮಿನ್ drop ನೋಡಿ, ಒಂದೇ ಮಷೀನಿಗೆ ಯಾಕೆ ಹೀಗೆ ಅಂದುಕೊಂಡು ತೆಗೆದುಬಿಡುತ್ತಾರೆ. ಆದ್ದರಿಂದ ಅಲ್ಲಿ ಹೀಗೆ ಬರೆಯಿರಿ: ಇದು ಎಕ್ಸ್‌ಪಿ, ಹೊರಗೆ ಬಿಡಬಾರದು, ರಿಮೋಟ್ ಸರ್ವಿಸ್ ಬೇಕು ಅಂದರೆ ಲ್ಯಾಪ್‌ಟಾಪ್ ತಂದು ನೇರವಾಗಿ ಜೋಡಿಸಿಕೊಳ್ಳಲು ಹೇಳಿ, ಈ ಮಷೀನು ಬದಲಾದ ದಿನ ರೂಲ್ ತೆಗೆಯಬಹುದು. ಯಾವಾಗ ತೆಗೆಯಬಹುದು ಅನ್ನುವುದನ್ನು ಬರೆದಿಟ್ಟರೆ ಹೊಸಬರಿಗೆ ಧೈರ್ಯವೂ ಬರುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಹತ್ತು ಹದಿನೈದು ರೂಲ್ ಉಳಿಯುತ್ತವೆ, ಯಾರು ಹಾಕಿದರು, ಯಾಕೆ ಹಾಕಿದರು ಗೊತ್ತಾಗುವುದಿಲ್ಲ. ಅಲ್ಲಿ ದಯವಿಟ್ಟು ಊಹೆ ಬರೆದು ಕಾಲಂ ತುಂಬಿಸಬೇಡಿ. ನಿಮ್ಮ ಊಹೆಯನ್ನು ಹೊಸಬರು ನಿಜ ಅಂತ ಓದುತ್ತಾರೆ, ಅದರ ಮೇಲೆ ನಿರ್ಧಾರ ಮಾಡುತ್ತಾರೆ. ನನಗೆ ಇಷ್ಟವಾದ ರೀತಿ ಇದು:

> R081. ಕಾರಣ ಗೊತ್ತಿಲ್ಲ. ನಾನು ಸೇರುವ ಮುಂಚೆಯೇ ಇತ್ತು. 10.20.3.0/24ರಿಂದ ಹೊರಗೆ 5500 ಪೋರ್ಟ್. ಆಗಸ್ಟ್ 4ರಿಂದ ಸೆಪ್ಟೆಂಬರ್ 6ರವರೆಗೆ ಕೌಂಟರ್ 0, ಮೇಲೆ ಇದನ್ನು ಮರೆಮಾಡುವ ಅಗಲ ರೂಲ್ ಇಲ್ಲ ಅಂತ ನೋಡಿದ್ದೇನೆ. ಕ್ವಾಲಿಟಿ, ಸ್ಟೋರ್ಸ್ ಕೇಳಿದೆ, ಗೊತ್ತಿಲ್ಲ ಅಂದರು. ಡಿಸೈನ್ ವಿಭಾಗದವರನ್ನು ಕೇಳಿಲ್ಲ. log ಹಾಕಿದ್ದೇನೆ. ಮುಂದಿನ ಏಪ್ರಿಲ್ ಮುಗಿಯುವವರೆಗೆ ಒಂದೂ ನಮೂದು ಬರದಿದ್ದರೆ ತೆಗೆಯಬಹುದು ಅಂತ ನನ್ನ ಅಭಿಪ್ರಾಯ.

ಇದರಲ್ಲಿ ಉತ್ತರ ಇಲ್ಲ, ಆದರೆ ನೀವು ಎಲ್ಲೆಲ್ಲಿ ಹುಡುಕಿದಿರಿ, ಎಲ್ಲಿ ಹುಡುಕಿಲ್ಲ ಅಂತ ಇದೆ. ಹೊಸಬರು ಮತ್ತೆ ಕ್ವಾಲಿಟಿಗೆ ಹೋಗುವ ಬದಲು ನೇರವಾಗಿ ಡಿಸೈನ್‌ಗೆ ಹೋಗುತ್ತಾರೆ. ಮ್ಯಾನೇಜರ್ "ಎಲ್ಲಕ್ಕೂ ಕಾರಣ ಬೇಕು" ಅಂತ ಒತ್ತಾಯಿಸಿದರೆ ಇದನ್ನೇ ತೋರಿಸಿ. ಮಾರ್ಚ್ 31 ಮತ್ತು ಏಪ್ರಿಲ್ ದಾಟುವವರೆಗೆ ಕಾಯಬೇಕು ಅನ್ನುವುದಕ್ಕೂ ಅವರ ಒಪ್ಪಿಗೆ ಪಡೆದು ಬರೆದಿಡಿ.

ಡಾಕ್ಯುಮೆಂಟನ್ನು ಎಲ್ಲಿ ಇಡುವುದು? ಇದನ್ನು ಓದಿದವರಿಗೆ ನಿಮ್ಮ ನೆಟ್‌ವರ್ಕಿನ ಎಲ್ಲ ಬಾಗಿಲೂ ತಿಳಿಯುತ್ತದೆ, ಹಾಗಾಗಿ ಎಲ್ಲರೂ ನೋಡುವ ಫೋಲ್ಡರ್‌ನಲ್ಲಿ ಬೇಡ, ನಿಮ್ಮ ಸ್ವಂತ ಮೇಲ್‌ಗೆ ಪ್ರತಿ ಕಳಿಸಿಕೊಳ್ಳುವುದೂ ಬೇಡ. ಪಾಸ್‌ವರ್ಡ್‌ಗಳನ್ನು ಇದರಲ್ಲಿ ಬರೆಯಬೇಡಿ. ಒಂದು ಪ್ರಿಂಟ್ ತೆಗೆದು ಮ್ಯಾನೇಜರ್ ಬೀರುವಿನಲ್ಲಿ ಇಡಿಸಿ. ಫೈರ್‌ವಾಲ್ ಕೆಟ್ಟ ದಿನ ಫೈಲ್ ಸರ್ವರ್ ತಲುಪಲು ಆಗದೇ ಇರಬಹುದು, ಡಾಕ್ಯುಮೆಂಟ್ ಬೇಕಾಗುವುದು ಆ ದಿನವೇ.

ಹೊಸಬರು ನೀವು ಹೊರಡುವ ಮುಂಚೆ ಬಂದರೆ, ಅವರ ಕೈಗೆ ಡಾಕ್ಯುಮೆಂಟ್ ಕೊಟ್ಟು ನೀವು ಬಾಯಿ ಬಿಡದೆ ಪಕ್ಕದಲ್ಲಿ ಕೂರಿ. ಯಾವುದಾದರೂ ಐದು ರೂಲ್ ಆರಿಸಿ, ಇದನ್ನು ಮುಚ್ಚಿದರೆ ಏನಾಗುತ್ತದೆ ಅಂತ ಅವರಿಂದ ಹೇಳಿಸಿ. ಅವರು ತಡವರಿಸಿದ ಜಾಗದಲ್ಲಿ ನಿಮ್ಮ ಬರವಣಿಗೆ ಸಾಲದು, ಅವತ್ತೇ ತಿದ್ದಿ.

ಕೊನೆಯದಾಗಿ ನಿಮ್ಮ ಹೆಸರಿನ ರೂಲ್‌ಗಳು. ನಿಮ್ಮ ಮನೆಯ ಐಪಿಯಿಂದ ಫೈರ್‌ವಾಲ್‌ಗೆ ಎಸ್‌ಎಸ್‌ಎಚ್, ರಾತ್ರಿ ಫೋನಿನಿಂದ ನೋಡಲು ತೆರೆದ ಪೋರ್ಟ್, ನಿಮ್ಮ ವಿಪಿಎನ್ ವಿಳಾಸಕ್ಕೆ ಕೊಟ್ಟ ವಿಶೇಷ ದಾರಿ, ಇವು ಇದ್ದೇ ಇರುತ್ತವೆ. ತೆಗೆಯಬೇಡಿ ಅಂತ ನಾನು ಹೇಳಿದ್ದಕ್ಕೆ ಇವು ಮಾತ್ರ ಹೊರತು. ಇವನ್ನು ಡಾಕ್ಯುಮೆಂಟಿನ ಮೊದಲ ಪುಟದಲ್ಲೇ ಬರೆಯಿರಿ, "ನನ್ನ ಕೊನೆಯ ದಿನ ತೆಗೆಯಬೇಕು" ಅಂತ. ಆ ದಿನ ಮಧ್ಯಾಹ್ನ ಹೊಸಬರೇ ತಮ್ಮ ಕೈಯಿಂದ ತೆಗೆಯಲಿ, `conntrack -D -s` ಜೊತೆ ನಿಮ್ಮ ವಿಳಾಸ ಕೊಟ್ಟು ನಿಮ್ಮ ಹಳೆ ಸಂಪರ್ಕಗಳನ್ನೂ ಕಡಿಯಲಿ. ಮನೆಯ ಐಪಿಯ ದಾರಿಯನ್ನು ಆಫೀಸಿನಲ್ಲಿ ಕೂತು ಪರೀಕ್ಷಿಸಲು ಆಗುವುದಿಲ್ಲ. ಸಂಜೆ ಮನೆಗೆ ಹೋಗುವ ಹೊತ್ತು ಮೊದಲೇ ಅವರಿಗೆ ಹೇಳಿಟ್ಟು, ಅಲ್ಲಿಂದ ಒಂದು ಸಲ ಲಾಗಿನ್ ಆಗಲು ನೋಡಿ. ಆಗಬಾರದು. ತಡೆದ ನಮೂದು ಲಾಗ್‌ನಲ್ಲಿ ಬಿದ್ದದ್ದನ್ನು ಅವರು ನೋಡಿ, ಸಮಯ ಬರೆದು, ಆ ಪುಟದ ಕೆಳಗೆ ಸಹಿ ಹಾಕಲಿ.